ಕನಕಾಂಬರದ ಎಸಳು ಯಾವ ಫೋನಲ್ಲಿ ಕಾಣಿಸಿತು?

ಹೊಸ ಫೋನ್ ತಗೊಂಡು ಎಂಟು ತಿಂಗಳಾಯ್ತು. ಹಳೆಯದನ್ನು ಹೆಂಡತಿ ಬಳಸುತ್ತಿದ್ದಾಳೆ. ಒಂದೇ ಕಡೆ ನಿಂತು ತೆಗೆದರೂ ಸಂಜೆ ಹೊತ್ತಿನ ಫೋಟೋ ಎಷ್ಟೋ ಸಲ ಅವಳದ್ದೇ ಚೆನ್ನಾಗಿರುತ್ತೆ. ಇದ್ಯಾಕೆ ಹೀಗೆ ಅಂತ ಹೋದ ಭಾನುವಾರ ಎರಡನ್ನೂ ಗಾಂಧಿ ಬಜಾರಿಗೆ ಒಯ್ದೆ.

ಏಳು ಗಂಟೆ. ಹೂವಿನಂಗಡಿ, ಮೇಲೆ ಒಂದೇ ಬೋಳು ಎಲ್‌ಇಡಿ ಬಲ್ಬು, ಒಳಗೆ ಕತ್ತಲು. ಗೋಣಿಚೀಲದ ಮೇಲೆ ಮಲ್ಲಿಗೆ, ಪಕ್ಕದಲ್ಲಿ ಕನಕಾಂಬರ. ಒಂದೇ ಟ್ರೈಪಾಡಿಗೆ ಒಂದಾದ ಮೇಲೊಂದು ಫೋನ್ ಸಿಕ್ಕಿಸಿದೆ. ಎರಡರಲ್ಲೂ ಮುಖ್ಯ ಕ್ಯಾಮೆರಾ, 12 ಮೆಗಾಪಿಕ್ಸೆಲ್, ಫೋಕಸ್ ಮಲ್ಲಿಗೆ ಮೇಲೆ.

ಮೊದಲ ನೋಟಕ್ಕೆ ಹೊಸದೇ ಗೆದ್ದಿತು. ನಾಯ್ಸ್ ಇಲ್ಲವೇ ಇಲ್ಲ. ಆದರೆ ಜೂಮ್ ಮಾಡಿದರೆ ಗೋಣಿಚೀಲದ ನೇಯ್ಗೆಯೂ ಇಲ್ಲ! ಬೆಣ್ಣೆ ಸವರಿದ ಹಾಗೆ ನುಣ್ಣಗಾಗಿದೆ. ಹಳೆಯದರಲ್ಲಿ ಕಾಳುಕಾಳು ಜಾಸ್ತಿ, ಆದರೂ ಸೆಣಬಿನ ಎಳೆ ಎಣಿಸಬಹುದು. ಫೋಟೋದ ವಿವರ ತೆರೆದು ನೋಡಿದೆ. ಹಳೆಯದು 1/33 ಸೆಕೆಂಡ್, ಐಎಸ್‌ಒ 1000. ಹೊಸದು 1/14, ಐಎಸ್‌ಒ 400. ಅಂದರೆ ಹೊಸದು ಶಟರ್ ಎರಡು ಪಟ್ಟಿಗಿಂತ ಜಾಸ್ತಿ ಹೊತ್ತು ತೆರೆದಿಟ್ಟು ಬೆಳಕು ಕುಡಿದಿದೆ. ಅದಕ್ಕೇ ಹೂ ಕಟ್ಟುತ್ತಿದ್ದ ಅಮ್ಮನ ಬೆರಳು ಮಸುಕಾಗಿವೆ. ಸರಿ, ಪ್ರೋ ಮೋಡ್‌ಗೆ ಹೋಗಿ ಎರಡಕ್ಕೂ 1/30, ಐಎಸ್‌ಒ 800 ಕೊಟ್ಟು ರಾ ಫೈಲ್ ತೆಗೆದೆ. ಈಗ ಹೊಸದರಲ್ಲಿ ನಾಯ್ಸ್ ಕಮ್ಮಿ, ನಿಜ. ಆದರೆ ತುಸು ಮಾತ್ರ. ಉಳಿದದ್ದೆಲ್ಲ ಶಟರ್ ಜಾಸ್ತಿ ಹೊತ್ತು ತೆರೆದಿದ್ದು, ಸಾಫ್ಟ್‌ವೇರ್ ಉಜ್ಜಿದ್ದು.

ಡೈನಾಮಿಕ್ ರೇಂಜ್‌ನಲ್ಲಿ ಮಾತ್ರ ಹಳೆಯದಕ್ಕೆ ಪಾಪ, ಪೈಪೋಟಿಯೇ ಇಲ್ಲ. ಬಲ್ಬಿನ ಸುತ್ತ ಬಿಳಿ ಮುದ್ದೆ, ಅಂಗಡಿಯೊಳಗೆ ಕಪ್ಪು. ಎಡಿಟಿಂಗ್‌ನಲ್ಲಿ ನೆರಳು ಎತ್ತಿದರೆ ನೇರಳೆ ಚುಕ್ಕೆಗಳು ಎದ್ದವು. ಹೊಸದರಲ್ಲಿ ಬಲ್ಬಿನ ಆಕಾರ ಉಳಿದು, ಒಳಗಿದ್ದ ದೇವರ ಪಟವೂ ಕಾಣುತ್ತಿತ್ತು. ಹಲವು ಶಾಟ್ ಸೇರಿಸಿ ಹೊಲಿಯುವ ಎಚ್‌ಡಿಆರ್ ಕೆಲಸ ಇದು. ಟಾರ್ಪಾಲಿನ ಅಂಚಿಗೆ ಸಣ್ಣ ಬಿಳಿ ಗೆರೆ ಬಂದಿದೆ, ಹುಡುಕಿದರೆ ಮಾತ್ರ ಕಾಣುತ್ತೆ.

ನನ್ನ ತಕರಾರಿರುವುದು ಬಣ್ಣದ ಬಗ್ಗೆ. ಮಲ್ಲಿಗೆ ಎರಡರಲ್ಲೂ ಬಿಳಿಯೇ, ಹಳೆಯದರಲ್ಲಿ ಕೊಂಚ ಹಳದಿ ಛಾಯೆ. ಕನಕಾಂಬರ ಮಾತ್ರ ಹೊಸದರಲ್ಲಿ ಕಿತ್ತಳೆ ಪೇಂಟ್ ಚೆಲ್ಲಿದ ಹಾಗಿದೆ. ಹೂವಿನ ಜಾಗದಲ್ಲಿ ಹಿಸ್ಟೋಗ್ರಾಂ ನೋಡಿದರೆ ಕೆಂಪು ಬಲಗೋಡೆಗೆ ಹೋಗಿ ಗುದ್ದಿದೆ. ಫೋಟೋವನ್ನು ಬೆಳಗಿಸಿ ಬಣ್ಣ ಏರಿಸುವ ಭರದಲ್ಲಿ ಕೆಂಪು ತುಂಬಿ ಹೋದರೆ ಎಸಳಿಗೂ ಎಸಳಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಹಳೆಯದರಲ್ಲಿ ಒಂದೊಂದು ಎಸಳಿನ ಮಡಿಕೆಯೂ ಕಾಣುತ್ತೆ. ಎರಡು ಅಪ್‌ಡೇಟ್ ಬಂದರೂ ಹೊಸದರ ಈ ಚಾಳಿ ಹೋಗಿಲ್ಲ.

ಈಗ ಹೂವು, ಕೆಂಪು ಸೀರೆ, ಕುಂಕುಮ ಏನೇ ಇರಲಿ, ಎಕ್ಸ್‌ಪೋಶರ್ -0.7ಕ್ಕೆ ಇಳಿಸಿಯೇ ತೆಗೆಯುತ್ತೇನೆ. ಎಸಳು ವಾಪಸ್ ಬರುತ್ತೆ. ಹೂವಿನಂಗಡಿಯ ಅಮ್ಮನಿಗೆ ಎರಡೂ ಫೋಟೋ ತೋರಿಸಿದಾಗ ಅವರು ಮೆಚ್ಚಿದ್ದು ಆ ಪೇಂಟ್ ಚೆಲ್ಲಿದ್ದನ್ನೇ ಅನ್ನಿ.