ಸೂರತ್ತಿನ ‘ಹನ್ನೆರಡು ದಿನ’ವನ್ನು ನಂಬಿ ದೀಪಾವಳಿ ಕಳೆದುಕೊಂಡೆ

ಉಡುಪಿಯಲ್ಲಿ ಸಣ್ಣ ಜವಳಿ ಅಂಗಡಿ ನಡೆಸುವ ನಾನು 2025ರ ದೀಪಾವಳಿಗೆಂದು ಸೂರತ್ತಿನಿಂದ ತರಿಸಿದ 120 ಸೀರೆಗಳು ಅಂಗಡಿ ತಲುಪಿದ್ದು ಅಕ್ಟೋಬರ್ 21ರಂದು. ನರಕ ಚತುರ್ದಶಿ ಮುಗಿದದ್ದು 20ಕ್ಕೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಹಿಂದಿನ ವರ್ಷ ಸೆಪ್ಟೆಂಬರ್ 25ಕ್ಕೆ ಆರ್ಡರ್ ಕೊಟ್ಟು, ಹಬ್ಬಕ್ಕೆ ಮೊದಲೇ ಎಲ್ಲವನ್ನೂ ಮಾರಿದ್ದೆನೆಂದು ಪುಸ್ತಕ ಹೇಳುತ್ತಿದ್ದುದರಿಂದ ಈ ಸಲವೂ ಅದೇ ತಾರೀಕಿಗೆ, ಅಷ್ಟೇ ಸೀರೆಗಳಿಗೆ ಆರ್ಡರ್ ಕೊಟ್ಟೆ. 2024ರಲ್ಲಿ ಚತುರ್ದಶಿ ಬಂದದ್ದು ಅಕ್ಟೋಬರ್ 31ಕ್ಕೆ, ಅಂದರೆ ನನ್ನ ಕೈಯಲ್ಲಿ 36 ದಿನಗಳಿದ್ದವು. ಈ ಸಲ ಇದ್ದದ್ದು 25 ಮಾತ್ರ. ಪಂಚಾಂಗ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ತೂಗುತ್ತಿತ್ತು. ಆದರೂ ಹೆದರಲಿಲ್ಲ, ಏಕೆಂದರೆ ಏಜೆಂಟರು “ಹನ್ನೆರಡು ದಿನದಲ್ಲಿ ಮಾಲು ನಿಮ್ಮಲ್ಲಿರ್ತದೆ” ಎಂದಿದ್ದರು.

ಅಕ್ಟೋಬರ್ 7ಕ್ಕೆ ಹನ್ನೆರಡು ದಿನಗಳಾದವು. ಫೋನ್ ಮಾಡಿದರೆ “ಪ್ಯಾಕಿಂಗ್‌ನಲ್ಲಿದೆ”. 13ಕ್ಕೆ ಕೇಳಿದರೆ “ಲಾರಿಯಲ್ಲಿದೆ”. 18ಕ್ಕೂ ಲಾರಿಯಲ್ಲೇ. ಬಂದ ಗಿರಾಕಿಗಳು ಖಾಲಿ ಕಪಾಟು ನೋಡಿ ಮುಂದಿನ ಅಂಗಡಿಗೆ ಹೋಗುತ್ತಿದ್ದರು.

ಸೀರೆಗಳು ಬಂದ ದಿನ ರೇಗಿದಾಗ ಏಜೆಂಟರು ಶಾಂತವಾಗಿ ಹೇಳಿದ್ದು ಇಷ್ಟು: “ಹನ್ನೆರಡು ದಿನ ಅಂದದ್ದು ಲಾರಿಗೆ ಹಾಕಿದ ಮೇಲೆ ಮಾರಾಯ್ರೆ, ಬಿಲ್ಟಿ ನೋಡಿ.” ನೋಡಿದೆ. ಬಿಲ್ಟಿಯ, ಅಂದರೆ ಲಾರಿಯವರು ಕೊಡುವ ಸಾಗಣೆ ರಸೀದಿಯ, ತಾರೀಕು ಅಕ್ಟೋಬರ್ 9. ಲೆಕ್ಕ ಸರಿಯಾಗಿ ಹನ್ನೆರಡು! ಆರ್ಡರಿಗೂ ಬಿಲ್ಟಿಗೂ ನಡುವಿನ 14 ದಿನಗಳನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹಳೆಯ ಕಡತ ತೆಗೆದಾಗ ಇನ್ನಷ್ಟು ಕುಸಿದೆ: ಕಳೆದ ವರ್ಷವೂ ಹೆಚ್ಚುಕಡಿಮೆ ಇಷ್ಟೇ, ಒಟ್ಟು 25 ದಿನಗಳು ಹಿಡಿದಿದ್ದವು, ಹಬ್ಬ ದೂರವಿದ್ದುದರಿಂದ ಅದು ನನಗೆ ಗೊತ್ತೇ ಆಗಿರಲಿಲ್ಲ.

ಬಲಿಪಾಡ್ಯದವರೆಗೆ 31 ಸೀರೆಗಳು ಹೋದವು. ಉಳಿದವನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದರೆ “ಸೀರೆ ಏನು ಹಳಸುವ ಪದಾರ್ಥವಾ? ಮದುವೆ ಸೀಸನ್ನಿಗೆ ಹೋಗ್ತದೆ ಬಿಡಿ” ಎಂಬ ಉತ್ತರ ಬಂತು. ಹೋಗಬಹುದು, ಆದರೆ ಮೂವತ್ತು ದಿನಗಳ ವಾಯಿದೆಯ ಬಿಲ್ಲು ಮದುವೆಗೆ ಕಾಯುವುದಿಲ್ಲ.

ಆದ್ದರಿಂದ ಆರ್ಡರ್ ಕೊಟ್ಟ ದಿನ, ಬಿಲ್ಟಿಯ ದಿನ, ಸರಕು ಬಂದ ದಿನ, ಈ ಮೂರನ್ನೂ ಮಾರಾಟದ ಪುಸ್ತಕದಲ್ಲೇ ಬರೆದಿಡಿ, ಹಬ್ಬದ ತಿಥಿಯಿಂದ ಹಿಂದಕ್ಕೆ ಎಣಿಸಿ. “ಎಷ್ಟು ದಿನ” ಎಂದು ಕೇಳುವಾಗ ಯಾವ ದಿನದಿಂದ ಎಂದೂ ಕೇಳಿ, ಉತ್ತರವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ; ಬಾಯಿಮಾತಿಗೆ ನಾನು ಕೊಟ್ಟ ಬೆಲೆ ಸಾಕು. 2026ರಲ್ಲಿ ಅಧಿಕ ಮಾಸ ಬರುವುದರಿಂದ ಚತುರ್ದಶಿ ನವೆಂಬರ್ 8ಕ್ಕೆ ಹೋಗುತ್ತದೆ. ಆಗ ಮತ್ತೆ ಸೆಪ್ಟೆಂಬರ್ 25ಕ್ಕೇ ಆರ್ಡರ್ ಕೊಟ್ಟರೆ ತಪ್ಪು ಇನ್ನೊಂದು ಬದಿಗೆ ಹೊರಳುತ್ತದೆ: ಅಕ್ಟೋಬರ್ 9ಕ್ಕೆ ಬಿಲ್ಲಾದರೆ ಅದರ ವಾಯಿದೆ ಮುಗಿಯುವುದು ಸರಿಯಾಗಿ ಹಬ್ಬದ ದಿನ.