ಹೊಸ ಇಂಟರ್‌ಫೇಸ್ ಕೊಳ್ಳುವ ಮೊದಲು ವೈಫೈ ಆಫ್ ಮಾಡಿ ನೋಡಿ

ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್‌ನಲ್ಲಿ ಚಟಪಟ ಸದ್ದು ಬರುತ್ತಿದ್ದರೆ, "ಇದು ಹೋಗಿದೆ, ಬೇರೆ ತಗೊಳ್ಳಿ" ಅನ್ನುವ ಅಂಗಡಿಯವರನ್ನು ಸುಮ್ನೆ ನಂಬಬೇಡಿ. ನನಗೂ ಹಾಗೇ ಹೇಳಿ ಇನ್ನೊಂದು ಮಾರಿದರು. ಅದರಲ್ಲೂ ಅದೇ ಚಟಪಟ. ಬಾಕ್ಸ್ ಒಡೆದಿದೆ ಅಂತ ವಾಪಸ್ಸೂ ತಗೊಳ್ಳಲಿಲ್ಲ.

ಅಕ್ಕನ ಮಗಳ ಹಾಡು ರೆಕಾರ್ಡ್ ಮಾಡುತ್ತಿದ್ದೆ. ಅವಳು ಸ್ವರವನ್ನು ಉದ್ದಕ್ಕೆ ಹಿಡಿದಾಗ ನಡುವೆ 'ಪಟ್' ಅನ್ನೋದು. ಆ ಜಾಗವನ್ನು ಜೂಮ್ ಮಾಡಿದರೆ, ನುಣುಪಾಗಿ ಹೋಗುತ್ತಿದ್ದ ಅಲೆ ಒಮ್ಮೆಲೇ ಕಡಿದು ಬೇರೆ ಎತ್ತರದಲ್ಲಿ ಶುರುವಾಗಿತ್ತು. ಅಂದರೆ ನಡುವಿನ ಸದ್ದೇ ಕಳೆದುಹೋಗಿದೆ. ಆದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಆರಾಮಾಗಿತ್ತು.

ಸಿಪಿಯು ಖಾಲಿ ಇದ್ದರೂ ಹೀಗಾಗುತ್ತೆ. ಇಂಟರ್‌ಫೇಸ್ ಸದ್ದನ್ನು ಕಂತು ಕಂತಾಗಿ ಕಳಿಸುತ್ತದೆ. ಬಫರ್ ಅಂದರೆ ಆ ಕಂತಿನ ಅಳತೆ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಇಟ್ಟರೆ ಒಂದು ಕಂತು 2.7 ಮಿಲಿಸೆಕೆಂಡಿನದು. ಅಷ್ಟರೊಳಗೆ ವಿಂಡೋಸ್ ಅದನ್ನು ಎತ್ತಿಕೊಳ್ಳಬೇಕು. ಬೇರೆ ಯಾವುದೋ ಡ್ರೈವರ್ ಆಗ ಪ್ರೊಸೆಸರನ್ನು ಮೂರ್ನಾಲ್ಕು ಮಿಲಿಸೆಕೆಂಡ್ ಹಿಡಿದುಕೊಂಡರೆ ಕಂತು ತಪ್ಪಿತು, ಪಟ್! ಟಾಸ್ಕ್ ಮ್ಯಾನೇಜರ್ ತೋರಿಸೋದು ಸರಾಸರಿ ಮಾತ್ರ, ಇಷ್ಟು ಚಿಕ್ಕ ತಡೆ ಅದರಲ್ಲಿ ಕಾಣಲ್ಲ.

ಕಳ್ಳ ಯಾರು ಅಂತ LatencyMon ಎಂಬ ಉಚಿತ ತಂತ್ರಾಂಶ ಹೇಳುತ್ತದೆ. ಹತ್ತು ನಿಮಿಷ ಓಡಲು ಬಿಟ್ಟು Drivers ಟ್ಯಾಬ್‌ನಲ್ಲಿ Highest execution ಕಾಲಂ ನೋಡಿ. ನನ್ನಲ್ಲಿ ಮೇಲಿದ್ದದ್ದು ndis.sys, ಅಂದರೆ ನೆಟ್‌ವರ್ಕಿನದು. ವೈಫೈ ಆಫ್ ಮಾಡಿದೆ, ಸದ್ದು ನಿಂತಿತು. ಆನ್ ಮಾಡಿದೆ, ಮತ್ತೆ ಬಂತು. ಎರಡು ಇಂಟರ್‌ಫೇಸ್‌ಗಳದ್ದೂ ತಪ್ಪಿರಲಿಲ್ಲ. ಎಲ್ಲರಿಗೂ ವೈಫೈಯೇ ಕಾರಣ ಅಂತಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ACPI.sys, ಅಂದರೆ ಬ್ಯಾಟರಿ, ಪವರ್ ನೋಡಿಕೊಳ್ಳುವ ಡ್ರೈವರ್, ಮೇಲೆ ಬರುತ್ತದೆ. ಅದನ್ನು ಆಫ್ ಮಾಡೋಕೆ ಸ್ವಿಚ್ಚಿಲ್ಲ. ಬಯೋಸ್ ಅಪ್‌ಡೇಟ್ ಮಾಡಿ ನೋಡಬೇಕು, ಇಲ್ಲವಾದರೆ ಬಫರ್ ದೊಡ್ಡದು ಮಾಡಬೇಕು ಅಷ್ಟೇ.

ಬಫರ್ 512 ಮಾಡಿದರೆ ಕಂತಿಗೆ 10.7 ಮಿಲಿಸೆಕೆಂಡ್ ಸಿಗುತ್ತದೆ, ನಾಲ್ಕರ ತಡೆ ಅದರಲ್ಲಿ ಕರಗಿಹೋಗುತ್ತದೆ. ಆದರೆ ಒಳಗೆ ಬರುವಾಗ ಒಂದು ಕಂತು, ಹೊರಗೆ ಹೋಗುವಾಗ ಇನ್ನೊಂದು, ಸೇರಿ 21ಕ್ಕೂ ಜಾಸ್ತಿ. ಹಾಡುವವರಿಗೆ ತಮ್ಮ ದನಿ ಹೆಡ್‌ಫೋನಿನಲ್ಲಿ ತಡವಾಗಿ ಕೇಳಿ ಕಿರಿಕಿರಿಯಾಗುತ್ತದೆ. ಅದಕ್ಕೇ ಇಂಟರ್‌ಫೇಸ್ ಮೇಲಿನ ಡೈರೆಕ್ಟ್ ಮಾನಿಟರ್ ಹಾಕಿ. ದನಿ ಲ್ಯಾಪ್‌ಟಾಪಿಗೆ ಹೋಗಿ ಬರದೆ ನೇರ ಕಿವಿಗೆ ಬರುತ್ತದೆ. ರೆಕಾರ್ಡಿಂಗ್ ತಂತ್ರಾಂಶದಲ್ಲಿ ಆ ಟ್ರ್ಯಾಕಿನ ಮಾನಿಟರಿಂಗ್ ಆಫ್ ಮಾಡಿ, ಇಲ್ಲದಿದ್ದರೆ ದನಿ ಎರಡೆರಡು ಸಲ ಕೇಳುತ್ತದೆ. ಮಿಡಿ ಕೀಬೋರ್ಡಿನಲ್ಲಿ ಸಾಫ್ಟ್‌ವೇರ್ ವಾದ್ಯ ನುಡಿಸುವವರಿಗೆ ಈ ಉಪಾಯ ನಡೆಯಲ್ಲ, ಅವರಿಗೆ ಚಿಕ್ಕ ಬಫರೇ ಬೇಕು.

ಸದ್ದು ಚಟಪಟ ಅನ್ನದೆ, ಇಂಟರ್‌ಫೇಸೇ ಮಾಯವಾಗಿ ವಿಂಡೋಸ್ 'ಟುಡುಂ' ಅಂದರೆ ಅದು ಬೇರೆ ಕಥೆ. ಅಲ್ಲಿ ಬಫರ್ ಎಷ್ಟಿಟ್ಟರೂ ಅಷ್ಟೇ. ಹಬ್ ತೆಗೆದು ನೇರ ಪೋರ್ಟಿಗೆ ಹಾಕಿ, ಕೇಬಲ್ ಬದಲಿಸಿ, ಪವರ್ ಆಪ್ಷನ್ಸ್‌ನಲ್ಲಿ USB selective suspend ಇದ್ದರೆ ಆಫ್ ಮಾಡಿ.