ನಾಲ್ಕು ಕ್ಲಿಪ್ಪಿನ ಸ್ಟೀಲ್ ಡಬ್ಬಿ: ಮಧ್ಯಾಹ್ನ ತೆರೆಯದ ಮುಚ್ಚಳ, ಪ್ರಾರ್ಥನೆಯಲ್ಲಿ ಮಾಡಿದ ಭಾಷಣ

ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ತಂದ ಡಬ್ಬಿ ಇದು. ಈಗ ಅವಳು ನಾಲ್ಕನೇ ಕ್ಲಾಸು. ದುಂಡನೆಯ ಸ್ಟೀಲ್ ಡಬ್ಬಿ, ಮುಚ್ಚಳದ ಸುತ್ತ ಸಿಲಿಕೋನ್ ರಿಂಗು, ನಾಲ್ಕು ಕಡೆ ಪ್ಲಾಸ್ಟಿಕ್ ಕ್ಲಿಪ್ಪು. ಎಷ್ಟು ಅನ್ನ ಹಿಡಿಸುತ್ತೆ, ಯಾವ ಗ್ರೇಡಿನ ಸ್ಟೀಲು ಅನ್ನೋದೆಲ್ಲ ರಟ್ಟಿನ ಮೇಲೇ ಇದೆ, ಅದನ್ನು ಮತ್ತೆ ಬರೆಯೋಲ್ಲ. ಐನೂರು ರೂಪಾಯಿಯ ಮೇಲಾಯಿತು. ನಮ್ಮ ಮನೆಯ ಲೆಕ್ಕದಲ್ಲಿ ಮಕ್ಕಳ ಡಬ್ಬಿಗೆ ಇದು ಜಾಸ್ತಿಯೇ, ಆದ್ದರಿಂದ ವರ್ಷಗಟ್ಟಲೆ ಬಾಳಲೇಬೇಕು ಅಂತ ತಂದದ್ದು.

ಮೊದಲು ಇದರ ಗುಣ ಹೇಳುತ್ತೇನೆ. ಇದು ಸೋರೋಲ್ಲ. ಹುಳಿ ಕಲಸಿದ ಅನ್ನ ಹಾಕಿ ಬ್ಯಾಗಿನಲ್ಲಿ ಅಡ್ಡ ಇಟ್ಟರೂ ನೋಟ್‌ಬುಕ್ಕಿಗೆ ಎಣ್ಣೆ ಕಲೆ ಹತ್ತಿಲ್ಲ. ಇದಕ್ಕೆ ಬೆಳಿಗ್ಗೆ ಒಂದು ಸಣ್ಣ ಕೆಲಸ ಇದೆ. ಅನ್ನ ತುಂಬಿದ ಮೇಲೆ ಡಬ್ಬಿಯ ಅಂಚನ್ನು ಒದ್ದೆ ಬಟ್ಟೆಯಿಂದ ಒಂದು ಸುತ್ತು ಒರೆಸಬೇಕು. ಅಂಚಿನಲ್ಲಿ ಒಂದೇ ಒಂದು ಅಗುಳು ಅಂಟಿಕೊಂಡಿದ್ದರೂ ರಿಂಗು ಅಲ್ಲಿ ಎದ್ದು ನಿಲ್ಲುತ್ತೆ, ಸಾರಿನ ನೀರು ಅಲ್ಲಿಂದಲೇ ಹೊರಗೆ ಬರುತ್ತೆ. ಮೇಲೆ ಒಂದು ಬೆರಳಿನಷ್ಟು ಜಾಗ ಬಿಡಬೇಕು. ಎದುರುಬದುರಾಗಿರುವ ಎರಡು ಕ್ಲಿಪ್ಪುಗಳನ್ನು ಮೊದಲು ಒತ್ತಿ, ಆಮೇಲೆ ಉಳಿದ ಎರಡನ್ನು ಒತ್ತಿದರೆ ಮುಚ್ಚಳ ಸಮವಾಗಿ ಕೂರುತ್ತೆ. ಆ ನಾಲ್ಕು ಸದ್ದು ಕೇಳಿಸಿದ ಮೇಲೆಯೇ ನನ್ನ ಮಗಳು ಜಡೆ ಹಾಕಿಸಿಕೊಳ್ಳೋಕೆ ಬಂದು ಕೂರುತ್ತಾಳೆ.

ಸೋರದ ಈ ಗುಣವೇ ಮಧ್ಯಾಹ್ನದ ಹೊತ್ತಿಗೆ ತೊಂದರೆಯಾಯಿತು. ತಂದ ಹೊಸದರಲ್ಲಿ ಒಂದು ದಿನ ಚಿತ್ರಾನ್ನ ಹಾಗೇ ವಾಪಸ್ ಬಂತು. "ಯಾಕೆ ಪುಟ್ಟಾ, ಹಿಡಿಸಲಿಲ್ವಾ?" ಅಂದರೆ "ಮುಚ್ಚಳ ಬರಲೇ ಇಲ್ಲ ಅಮ್ಮ" ಅಂದಳು. ನಾಲ್ಕೂ ಕ್ಲಿಪ್ಪು ಬಿಚ್ಚಿದ್ದಳಂತೆ, ಆದರೂ ಮುಚ್ಚಳ ಅಂಟಿಕೊಂಡೇ ಇತ್ತು. ನಾನು ಎಳೆದಾಗಲೂ ಸುಲಭಕ್ಕೆ ಬರಲಿಲ್ಲ. ಮಗು ಹಸಿದುಕೊಂಡು ಸಂಜೆವರೆಗೆ ಕೂತದ್ದು ನೆನೆದು ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಕಂಪನಿಗೆ ಬರೆದೆ. "ಡಬ್ಬಿ ಗಾಳಿಯಾಡದ ಹಾಗೆ ಮಾಡಿದ್ದು, ದೋಷವಲ್ಲ" ಅಂತ ಉತ್ತರ ಬಂತು. ಅದು ನಿಜವೇ. ಆದರೆ ಬಿಸಿ ಅನ್ನ ಹಾಕಿ ಮುಚ್ಚಿದರೆ ಏನಾಗುತ್ತೆ, ಆಗ ಹೇಗೆ ತೆರೆಯಬೇಕು ಅಂತ ರಟ್ಟಿನ ಮೇಲೆ ಒಂದು ಸಾಲು ಬರೆಯೋಕೆ ಅವರಿಗೆ ಏನು ಕಷ್ಟ? ಮಕ್ಕಳ ಚಿತ್ರ ಹಾಕಿ ಮಾರುವ ಡಬ್ಬಿ ಮಕ್ಕಳ ಕೈಯಲ್ಲಿ ತೆರೆಯಬೇಕು.

ನಾನು ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಮಗಳೂ ಅಲ್ಲೇ ಓದೋದು. ಬಿಸಿಯೂಟ ಇಲ್ಲದ ಶಾಲೆ, ಎಲ್ಲರೂ ಮನೆಯಿಂದಲೇ ತರಬೇಕು. ಅವತ್ತಿನಿಂದ ಊಟದ ಹೊತ್ತಿನಲ್ಲಿ ಗಮನಿಸೋಕೆ ಶುರು ಮಾಡಿದೆ. ಚಿಕ್ಕ ತರಗತಿಗಳಲ್ಲಿ ಆಯಾ ಅಮ್ಮನ ಮುಂದೆ ಡಬ್ಬಿ ಹಿಡಿದು ನಿಂತ ಮಕ್ಕಳ ಸಾಲೇ ಇರುತ್ತಿತ್ತು. ದೊಡ್ಡ ಮಕ್ಕಳು ಕೇಳೋಕೆ ನಾಚಿಕೊಂಡು ಡಬ್ಬಿ ತರುವುದನ್ನೇ ಬಿಟ್ಟು, ಫಾಯಿಲ್‌ನಲ್ಲೋ ಪೇಪರಿನಲ್ಲೋ ಚಪಾತಿ ಸುತ್ತಿ ತರುತ್ತಿದ್ದರು. ಆಮೇಲೆ ಹೆಡ್ ಮಿಸ್ "ಮಕ್ಕಳಿಗೆ ಡಬ್ಬಿ ತರೋಕೆ ಹೇಳಿ, ಪ್ರಾರ್ಥನೆಯಲ್ಲಿ ಎರಡು ಮಾತಾಡಿ ಮೇಡಂ" ಅಂದಾಗ, ಭೂಮಿ ಉಳಿಸಿ ಅನ್ನೋ ಮಾತಿನಿಂದ ಶುರು ಮಾಡೋಕೆ ನನಗೆ ಮನಸ್ಸಾಗಲಿಲ್ಲ. ಮಕ್ಕಳು ಡಬ್ಬಿ ಬಿಟ್ಟದ್ದಕ್ಕೆ ಕಾರಣ ಮುಚ್ಚಳ, ಸೋರುವ ಸಾರು ಮತ್ತು ವಾಸನೆ. ಆದ್ದರಿಂದ ಈ ಡಬ್ಬಿಯನ್ನೇ ಕೈಯಲ್ಲಿ ಹಿಡಿದು ಮಾತಾಡಿದೆ. ನಿಮ್ಮ ಮಕ್ಕಳ ಶಾಲೆಯಲ್ಲೂ ಉಪಯೋಗಕ್ಕೆ ಬರಬಹುದು ಅಂತ ಭಾಷಣ ಪೂರ್ತಿ ಇಲ್ಲಿ ಹಾಕಿದ್ದೇನೆ.

"ಮಕ್ಕಳೇ, ಕೂತ್ಕೊಳ್ಳಿ. ನನ್ನ ಕೈಯಲ್ಲಿರೋ ಈ ಡಬ್ಬಿಗೆ ಬೆಳಿಗ್ಗೆ ಬಿಸಿ ಅನ್ನ ಹಾಕಿ ಮುಚ್ಚಿದ್ದೀನಿ. ಕ್ಲಿಪ್ಪು ನಾಲ್ಕೂ ಬಿಚ್ಚಿದ್ದೀನಿ, ಆದರೂ ಮುಚ್ಚಳ ಹಿಡಿದು ಎತ್ತಿದರೆ ನೋಡಿ, ಡಬ್ಬಿಯೂ ಜೊತೆಗೇ ಬರುತ್ತೆ. ಇದನ್ನು ಯಾರು ಹಿಡಿದಿರೋದು? ಗಾಳಿ. ಬಿಸಿ ಅನ್ನದಿಂದ ಏಳೋ ಹಬೆ ಡಬ್ಬಿಯಲ್ಲಿದ್ದ ಗಾಳಿಯನ್ನ ಸ್ವಲ್ಪ ಆಚೆಗೆ ತಳ್ಳುತ್ತೆ. ಅಮ್ಮ ಮುಚ್ಚಳ ಹಾಕಿದ ಮೇಲೆ ಅನ್ನ ತಣ್ಣಗಾಗುತ್ತೆ, ಹಬೆ ನೀರಾಗುತ್ತೆ. ಹೊರಗಿನ ಗಾಳಿ ಒಳಗೆ ಹೋಗೋಕೆ ರಿಂಗು ಬಿಡೋಲ್ಲ. ಆಗ ಒಳಗಿನ ಒತ್ತಡ ಕಡಿಮೆ, ಹೊರಗಿನದು ಜಾಸ್ತಿ. ಏಳನೇ ಕ್ಲಾಸಿನವರು ಲೆಕ್ಕ ಹಾಕಿ: 12 ಸೆಂಟಿಮೀಟರ್ ಅಗಲದ ಮುಚ್ಚಳ ಅಂದರೆ ಸುಮಾರು 113 ಚದರ ಸೆಂಟಿಮೀಟರ್. ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಗಾಳಿಯ ಭಾರ ಹೆಚ್ಚುಕಡಿಮೆ ಒಂದು ಕೆಜಿ. ಒಳಗಿನ ಒತ್ತಡ ಹತ್ತರಲ್ಲಿ ಒಂದು ಪಾಲು ಇಳಿದರೂ ಸಾಕು, ಮುಚ್ಚಳದ ಮೇಲೆ 11 ಕೆಜಿ ಇಟ್ಟ ಹಾಗೆ. ಎರಡನೇ ಕ್ಲಾಸಿನ ಮಗು ಅದನ್ನ ಹೇಗೆ ಎತ್ತುತ್ತೆ?

ಅದಕ್ಕೆ ಎಳೀಬೇಡಿ. ಕ್ಲಿಪ್ಪು ಬಿಚ್ಚಿ, ಚಮಚದ ಹಿಡಿಯನ್ನ ರಿಂಗು ಮತ್ತು ಡಬ್ಬಿಯ ಅಂಚಿನ ನಡುವೆ ಇಟ್ಟು ಮೆಲ್ಲಗೆ ಒತ್ತಿ. ಕೇಳಿಸ್ತಾ, ಸುಯ್ ಅಂತು? ಗಾಳಿ ಒಳಗೆ ಹೋಯ್ತು. ಈಗ ಎರಡು ಬೆರಳಲ್ಲಿ ಎತ್ತಬಹುದು. ಕೈವಾರ, ಪೆನ್ನಿನ ಮೊನೆ ಇದಕ್ಕೆ ಬೇಡ, ರಿಂಗು ಹರಿಯುತ್ತೆ. ಪುಟ್ಟ ಮಕ್ಕಳಿಗೆ ಬರದಿದ್ದರೆ ಪಕ್ಕದ ದೊಡ್ಡ ಮಕ್ಕಳು ಮಾಡಿಕೊಡಿ.

ಫಾಯಿಲ್ಲು ಸುಲಭ ಅಂತೀರಿ. ಚಿತ್ರಾನ್ನ ಸುತ್ತಿದ ಫಾಯಿಲ್ಲನ್ನ ಬೆಳಕಿಗೆ ಹಿಡಿದು ನೋಡಿ, ಎಷ್ಟೋ ಸಲ ಸೂಜಿಮೊನೆಯಷ್ಟು ತೂತು ಕಾಣಿಸುತ್ತೆ. ನಿಂಬೆಹುಳಿ, ಉಪ್ಪು ಸೇರಿದರೆ ಅಲ್ಯೂಮಿನಿಯಂ ಸ್ವಲ್ಪಸ್ವಲ್ಪವೇ ಕರಗುತ್ತೆ. ಪೇಪರಿನಲ್ಲಿ ಸುತ್ತಿದರೆ ಅಕ್ಷರದ ಮಸಿ ಎಣ್ಣೆಗೆ ಬಿಟ್ಟುಕೊಂಡು ಚಪಾತಿಗೆ ಹತ್ತುತ್ತೆ. ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನ ಮಾಡಬೇಡಿ ಅಂತಲೇ ಹೇಳಿದೆ. ಪ್ಲಾಸ್ಟಿಕ್ ಕವರು, ತಟ್ಟೆ, ಚಮಚ ಇವನ್ನ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಿದ್ದಾರೆ. ಊಟ ಆದ ಮೇಲೆ ನಮ್ಮ ಕಸದ ಡಬ್ಬ ನೋಡಿ. ಎಣ್ಣೆ ಹತ್ತಿದ ಫಾಯಿಲ್ಲು ಅನ್ನದ ಜೊತೆ ಕಲೆಸಿಹೋದರೆ ಅದು ಹಸಿಕಸಕ್ಕೂ ಸೇರೋಲ್ಲ, ಒಣಕಸಕ್ಕೂ ಸೇರೋಲ್ಲ. ಅದನ್ನ ಕೈಯಲ್ಲಿ ಬಿಡಿಸೋದು ನಮ್ಮ ಆಯಾ ಅಮ್ಮ.

ನಾಳೆಯಿಂದ ಡಬ್ಬಿ ತನ್ನಿ. ಹೊಸದು ಬೇಡ, ಮನೆಯಲ್ಲಿ ಇರೋದೇ ಸಾಕು. ಚಮಚ ಮರೀಬೇಡಿ. ಊಟ ಆದಮೇಲೆ ನಲ್ಲಿಯಲ್ಲಿ ಸ್ವಲ್ಪ ನೀರು ಹಿಡಿದು ಅಲುಗಾಡಿಸಿ ಚೆಲ್ಲಿ, ಆಮೇಲೆ ಮುಚ್ಚಿ. ಮನೆಗೆ ಹೋದ ತಕ್ಷಣ ಡಬ್ಬಿಯನ್ನ ಬ್ಯಾಗಿನಿಂದ ತೆಗೆದು ಅಡುಗೆಮನೆಯಲ್ಲಿಡಿ. ಇಷ್ಟು ನಿಮ್ಮ ಕೆಲಸ."

ಮಾತು ಮುಗಿದ ಮೇಲೆ ಚಪ್ಪಾಳೆಗಿಂತ "ಇನ್ನೊಂದು ಸಲ ಸುಯ್ ಅನ್ಸಿ ಮಿಸ್" ಅನ್ನೋ ಕೂಗೇ ಜೋರಾಗಿತ್ತು. ಈಗ ಊಟದ ಹೊತ್ತಿನಲ್ಲಿ ಸಾಲುಸಾಲಾಗಿ ಆ ಸದ್ದು ಕೇಳಿಸುತ್ತೆ. ಆಯಾ ಅಮ್ಮನ ಮುಂದಿನ ಸಾಲು ಪೂರ್ತಿ ಕರಗಿಲ್ಲ, ಕಡಿಮೆಯಾಗಿದೆ. ಈ ಡಬ್ಬಿಯ ಮೇಲಿದ್ದ ನನ್ನ ಸಿಟ್ಟೂ ಅಲ್ಲಿಂದ ಇಳಿಯಿತು.

ಮನೆಯಲ್ಲಿ ದೊಡ್ಡವರು ಮಾಡಬೇಕಾದದ್ದೂ ಇದೆ. ಅನ್ನವನ್ನು ಕುಕ್ಕರಿನಿಂದ ನೇರ ಡಬ್ಬಿಗೆ ಹಾಕೋ ಬದಲು ಅಗಲದ ತಟ್ಟೆಯಲ್ಲಿ ಹರಡಿ, ಹಬೆ ನಿಂತ ಮೇಲೆ ತುಂಬಿ. ಫ್ಯಾನಿನ ಕೆಳಗೆ ಹತ್ತು ಹದಿನೈದು ನಿಮಿಷ ಸಾಕು. ಮುಚ್ಚಳ ಅಂಟೋದು ಕಡಿಮೆಯಾಗುತ್ತೆ, ಒಳಗಡೆ ನೀರಿಳಿದು ಇಡ್ಲಿ ಪಿಚಪಿಚ ಆಗೋದೂ ತಪ್ಪುತ್ತೆ. ಇದು ಬಿಸಿ ಕಾಯ್ದುಕೊಳ್ಳುವ ಡಬ್ಬಿಯಲ್ಲ. ಬಿಸಿ ಬಿಸಿಯಾಗಿ ಮುಚ್ಚಿದರೆ ಮಧ್ಯಾಹ್ನದವರೆಗೆ ಉಗುರುಬೆಚ್ಚಗೆ ಇರುತ್ತೆ, ಅನ್ನ ಕೆಡೋಕೆ ಆ ಬಿಸಿಯೇ ಹದ. ಅನ್ನ ಬೇಯಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಾಣುಗಳು ಅದರಲ್ಲಿ ಇರುತ್ತವೆ, ಬೆಚ್ಚಗಿನ ಜಾಗದಲ್ಲಿ ಅವು ಬೇಗ ಬೆಳೆಯುತ್ತವೆ. ಮಾರ್ಚ್ ಬಂತೆಂದರೆ ನಾನು ಕಾಯಿ ಹಾಕಿದ ಪಲ್ಯ, ಕಾಯಿಚಟ್ನಿ ಕಟ್ಟುವುದಿಲ್ಲ. ಪುಳಿಯೋಗರೆ, ನಿಂಬೆಹಣ್ಣಿನ ಚಿತ್ರಾನ್ನ, ಇಲ್ಲವಾದರೆ ಮೊಸರನ್ನ. ಮೊಸರನ್ನಕ್ಕೆ ಆರಿದ ಅನ್ನವನ್ನು ಕಾಯಿಸಿ ಆರಿಸಿದ ಹಾಲಿನಲ್ಲಿ ಕಲಸಿ, ಮೇಲೆ ಒಂದು ಚಮಚ ಮೊಸರು ಹಾಕಿ ಕಳಿಸಿದರೆ ಊಟದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತೆ, ಹುಳಿಯಾಗಿರೋಲ್ಲ.

ಇನ್ನೊಂದು ಕಷ್ಟ ರಿಂಗಿನದು. ಸಿಲಿಕೋನ್ ಇಂಗಿನ ವಾಸನೆ, ಸಾಂಬಾರಿನ ವಾಸನೆ ಹೀರಿಕೊಂಡರೆ ಸೋಪಿಗೆ ಹೋಗೋಲ್ಲ. ಬೀರುವಿನಲ್ಲಿ ಮುಚ್ಚಿಟ್ಟರೆ ಇನ್ನೂ ಜಾಸ್ತಿ. ವಾರಕ್ಕೊಂದು ಸಲ ಚಮಚದ ಹಿಡಿಯಿಂದ ರಿಂಗು ಎಬ್ಬಿಸಿ ಹೊರಗೆ ತೆಗೆಯುತ್ತೇನೆ. ಅದು ಕೂರುವ ಸಂದಿಯಲ್ಲಿ ಕಪ್ಪು ಚುಕ್ಕಿ ಕಂಡರೆ ಬೂಸು ಅಂತ ತಿಳಿಯಿರಿ. ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿ, ರಿಂಗನ್ನು ಅಡುಗೆ ಸೋಡಾ ಹಾಕಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಮರುದಿನ ಬಿಸಿಲಿಗೆ ಹಾಕಿದರೆ ವಾಸನೆ ಬಹುಪಾಲು ಹೋಗುತ್ತೆ. ಪೂರ್ತಿ ಹೋಗೋಲ್ಲ. ರಾತ್ರಿ ಡಬ್ಬಿ ಇಡುವಾಗ ಮುಚ್ಚಳ ಹಾಕದೆ ಪಕ್ಕದಲ್ಲಿಡಿ.

ರಿಂಗು ಸಡಿಲವಾಗಿದೆಯೇ ಅಂತ ನೋಡೋಕೆ ಅಂಚಿನಲ್ಲಿ ಒಂದು ಚೀಟಿ ಇಟ್ಟು ಮುಚ್ಚಿ ಎಳೆಯಿರಿ. ಬಿಗಿಯಾಗಿ ಹಿಡಿದರೆ ಸರಿ, ಸಲೀಸಾಗಿ ಜಾರಿ ಬಂದರೆ ಅಲ್ಲಿ ಸೋರುತ್ತೆ. ನಾಲ್ಕೂ ಕಡೆ ನೋಡಬೇಕು. ನಮ್ಮದರಲ್ಲಿ ಈಗ ಒಂದು ಕಡೆ ಚೀಟಿ ಜಾರುತ್ತಿದೆ. ಬದಲಿ ರಿಂಗು ಕೇಳಿದರೆ ಬಿಡಿಯಾಗಿ ಮಾರುವುದಿಲ್ಲ ಅಂದರು. ಪಾತ್ರೆ ಅಂಗಡಿಗಳಲ್ಲೂ ಈ ಅಳತೆಯದು ಸಿಕ್ಕಲಿಲ್ಲ. ಸ್ಟೀಲು ಹೊಸದರ ಹಾಗೇ ಇರುವಾಗ ರಬ್ಬರಿನಂಥ ಒಂದು ಬಳೆಗಾಗಿ ಇಡೀ ಡಬ್ಬಿ ಬದಲಾಯಿಸಿ ಅನ್ನೋದು ನನಗೆ ಒಪ್ಪಿಗೆಯಿಲ್ಲ. ಈ ಒಂದು ಕಾರಣಕ್ಕೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಸದ್ಯಕ್ಕೆ ಸಾರನ್ನ ಬಿಟ್ಟು ಚಪಾತಿ, ಚಿತ್ರಾನ್ನಕ್ಕೆ ಬಳಸುತ್ತಿದ್ದೇವೆ.

ನಾಲ್ಕನೇ ಕ್ಲಾಸಿನಿಂದ ಮೇಲಿನ ಮಕ್ಕಳಿಗೆ ಧಾರಾಳವಾಗಿ ತಗೊಳ್ಳಿ. ಅದಕ್ಕಿಂತ ಚಿಕ್ಕವರಿಗೆ ರಿಂಗಿಲ್ಲದ, ಒತ್ತಿ ಮುಚ್ಚುವ ಹಳೇ ಮಾದರಿಯ ಸ್ಟೀಲ್ ಡಬ್ಬಿಯೇ ವಾಸಿ. ಅದರಲ್ಲಿ ಸಾರು ಕಟ್ಟೋಕಾಗೋಲ್ಲ, ಆದರೆ ಮಗು ತಾನೇ ತೆರೆದು ತಿನ್ನುತ್ತೆ. ಕ್ಲಿಪ್ಪಿನದೇ ಬೇಕೆಂದರೆ ದುಡ್ಡು ಕೊಡುವ ಮೊದಲು ಅಂಗಡಿಯವರನ್ನು ಈ ಅಳತೆಯ ರಿಂಗು ಬಿಡಿಯಾಗಿ ಸಿಗುತ್ತಾ ಅಂತ ಕೇಳಿ, ಸಿಗುವುದಾದರೆ ಒಂದನ್ನು ಅವತ್ತೇ ಜೊತೆಗೆ ತಂದಿಟ್ಟುಕೊಳ್ಳಿ.